ಬಾಯ್ಲರಿಗೆ ಹೋಗುವ ನೀರನ್ನು ಏಕೆ ಸಂಸ್ಕರಿಸಬೇಕು? ಪದರ, ನೊರೆ ಮತ್ತು ಉಗಿಯೊಡನೆ ಹೋಗುವ ನೀರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯ್ಲರ್ ಕೋಣೆಯಲ್ಲಿ ಕೆಲಸ ಮಾಡುವವರು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಲೆಕ್ಕಗಳು ಚದುರಿಹೋಗದಿರಲೆಂದು ಎಲ್ಲ ಉತ್ತರಗಳಲ್ಲೂ ಒಂದೇ ಬಾಯ್ಲರನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅದು ಗಂಟೆಗೆ 2 ಟನ್ ಉಗಿ ಕೊಡುವ, 10 ಬಾರ್ ಗೇಜ್ ಒತ್ತಡದ, ಕೊಳವೆಗಳ ಒಳಗೆ ಬೆಂಕಿಯೂ ಹೊರಗೆ ನೀರೂ ಇರುವ ಸಾಮಾನ್ಯ ಶೆಲ್ ಬಾಯ್ಲರ್. ಒಳಗೆ ಸುಮಾರು 4 ಟನ್ ನೀರು ಹಿಡಿಯುತ್ತದೆ. ದಿನಕ್ಕೆ 10 ಗಂಟೆ, ತಿಂಗಳಿಗೆ 25 ದಿನ ನಡೆಯುತ್ತದೆ. ಕಂಡೆನ್ಸೇಟ್, ಅಂದರೆ ಉಗಿ ತಣಿದು ಆದ ನೀರು, ಹಿಂದಿರುಗುವುದಿಲ್ಲ. ಬರುವ ಕಚ್ಚಾ ನೀರಿನ ಗಡಸುತನ 250 ಪಿಪಿಎಂ, ಅದರಲ್ಲಿ ಕರಗಿರುವ ಒಟ್ಟು ಲವಣ, ಅಂದರೆ ಟಿಡಿಎಸ್, 350 ಪಿಪಿಎಂ.

ಕುಡಿಯಲು ಯೋಗ್ಯವಾದ ನೀರು ಬಾಯ್ಲರಿಗೆ ಏಕೆ ಯೋಗ್ಯವಲ್ಲ?

ನಾವು ಕುಡಿದ ನೀರು ಲವಣದೊಡನೆಯೇ ದೇಹದಿಂದ ಹೊರಗೆ ಹೋಗುತ್ತದೆ. ಬಾಯ್ಲರಿನಲ್ಲಿ ಹಾಗಲ್ಲ. ಉಗಿಯಾಗಿ ಹೊರಟುಹೋಗುವುದು ಬರಿಯ ನೀರು, ಲವಣವೆಲ್ಲ ಒಳಗೇ ಉಳಿಯುತ್ತದೆ. ನಮ್ಮ ಬಾಯ್ಲರಿಗೆ ಗಂಟೆಗೆ 2 ಟನ್ ನೀರು ಹೋದರೆ ಅದರೊಡನೆ 700 ಗ್ರಾಂ ಲವಣವೂ ಹೋಗುತ್ತದೆ. ಒಳಗಿರುವ 4 ಟನ್ ನೀರಿನಲ್ಲಿ ಅದು ಹರಡಿಕೊಂಡರೆ ಟಿಡಿಎಸ್ ಪ್ರತಿ ಗಂಟೆಗೆ 175 ಪಿಪಿಎಂ ಏರುತ್ತದೆ. ಏನನ್ನೂ ಹೊರಗೆ ಬಿಡದೆ ಓಡಿಸಿದರೆ 350ರಿಂದ ಶುರುವಾದ ನೀರು 18 ಗಂಟೆಯಲ್ಲಿ, ಅಂದರೆ ಎರಡನೆಯ ದಿನ ಮುಗಿಯುವ ಮೊದಲೇ, ಇಂಥ ಬಾಯ್ಲರಿನ ಸಾಮಾನ್ಯ ಮಿತಿಯಾದ 3500 ಮುಟ್ಟುತ್ತದೆ. ಒಳಗೆ ಹೋದ ಲವಣ ಲೋಹಕ್ಕೆ ಅಂಟುತ್ತದೆ, ಇಲ್ಲವೆ ನೀರಿನಲ್ಲೇ ಉಳಿದು ನೊರೆ ಎಬ್ಬಿಸುತ್ತದೆ, ಇಲ್ಲವೆ ಉಗಿಯೊಡನೆ ಹೊರಟುಹೋಗುತ್ತದೆ. ಇವು ಮೂರೂ ಬೇಡವಾದರೆ ಅದನ್ನು ಮೊದಲೇ ತೆಗೆಯಬೇಕು ಅಥವಾ ನಾವೇ ಲೆಕ್ಕವಿಟ್ಟು ಹೊರಗೆ ಬಿಡಬೇಕು.

ಪದರ ಏಕೆ ಅತಿ ಹೆಚ್ಚು ಬಿಸಿಯಾಗುವ ಜಾಗದಲ್ಲೇ ಕಟ್ಟುತ್ತದೆ?

ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ. ಗಡಸು ನೀರಿನ ಲವಣಗಳು ಇದಕ್ಕೆ ತದ್ವಿರುದ್ಧ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದೊಡನೆ ಒಡೆದು ಸುಣ್ಣದ ಕಲ್ಲಾಗುತ್ತದೆ:

```
Ca(HCO3)2 → CaCO3 + H2O + CO2
```

ಕ್ಯಾಲ್ಸಿಯಂ ಸಲ್ಫೇಟ್ ಒಡೆಯುವುದಿಲ್ಲ, ಆದರೆ ನೀರು ಬಿಸಿಯಾದಷ್ಟೂ ಅದರ ಕರಗುವಿಕೆ ಕುಗ್ಗುತ್ತದೆ. ಇಡೀ ಬಾಯ್ಲರಿನಲ್ಲಿ ನೀರು ಅತಿ ಬಿಸಿಯಾಗುವುದು ಬೆಂಕಿ ತಾಗುವ ಲೋಹದ ಹಿಂಬದಿಯಲ್ಲಿ. ಮೇಲಾಗಿ, ಅಲ್ಲಿ ಏಳುವ ಪ್ರತಿ ಗುಳ್ಳೆಯ ಬುಡದಲ್ಲಿ ನೀರು ಆವಿಯಾಗಿ ಲವಣ ಅಲ್ಲಲ್ಲೇ ಒಣಗಿ ಉಂಗುರದಂತೆ ಅಂಟುತ್ತದೆ. ಹೀಗಾಗಿ ಪದರ ಎಲ್ಲಿ ಇರಬಾರದೋ ಸರಿಯಾಗಿ ಅಲ್ಲಿಯೇ ಬೆಳೆಯುತ್ತದೆ. ನೀರಿನಲ್ಲಿ ಸಿಲಿಕಾ ಇದ್ದರೆ ಗಾಜಿನಂಥ ಗಟ್ಟಿ ಪದರವಾಗುತ್ತದೆ. ಅದು ಶಾಖವನ್ನು ಇನ್ನೂ ಹೆಚ್ಚು ತಡೆಯುತ್ತದೆ, ತೆಗೆಯುವುದೂ ಕಷ್ಟ.

ಒಂದು ಮಿಲಿಮೀಟರ್ ಪದರದಿಂದ ಅಂಥ ಅಪಾಯವೇನು?

ಇಂಧನ ಹೆಚ್ಚು ಉರಿಯುತ್ತದೆ ಎಂಬ ಉತ್ತರವನ್ನು ಎಲ್ಲರೂ ಕೇಳಿರುತ್ತಾರೆ. ಅದು ನಿಜ, ಆದರೆ ನನಗೆ ಅದಕ್ಕಿಂತ ದೊಡ್ಡ ಚಿಂತೆ ಲೋಹದ ಉಷ್ಣತೆಯದು. 10 ಬಾರ್ ಗೇಜ್ ಒತ್ತಡದಲ್ಲಿ ನೀರು 184 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕೊಳವೆ ಸ್ವಚ್ಛವಾಗಿದ್ದರೆ ನೀರಿನ ಕಡೆಯ ಲೋಹ ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಮಾತ್ರ ಹೆಚ್ಚು ಬಿಸಿಯಿರುತ್ತದೆ. ಬೆಂಕಿಯ ಮುಂದೆ ಎಷ್ಟು ಉರಿಯಿದ್ದರೂ ನೀರು ಅದನ್ನು ಆಗಿಂದಾಗ್ಗೆ ಹೊತ್ತೊಯ್ಯುತ್ತದೆ.

ಈಗ ಲೋಹದ ಮೇಲೆ ಒಂದು ಮಿಲಿಮೀಟರ್ ಸುಣ್ಣದ ಪದರ ಕಟ್ಟಿತೆನ್ನೋಣ. ಉಕ್ಕಿನ ಉಷ್ಣವಾಹಕತೆ ಸುಮಾರು 45ರಿಂದ 50 ಇದ್ದರೆ ಇಂಥ ಪದರದ್ದು ಸುಮಾರು 1. ಅಂದರೆ ಒಂದು ಮಿಲಿಮೀಟರ್ ಪದರ ಹೆಚ್ಚುಕಡಿಮೆ 5 ಸೆಂಟಿಮೀಟರ್ ದಪ್ಪದ ಉಕ್ಕಿನ ಗೋಡೆಯಷ್ಟು ಶಾಖವನ್ನು ತಡೆಯುತ್ತದೆ. ಫರ್ನೇಸಿನ ಪ್ರತಿ ಚದರ ಮೀಟರಿನಲ್ಲಿ 100 ಕಿಲೋವಾಟ್ ಶಾಖ ಹಾಯುತ್ತಿದ್ದರೆ, ಈ ಒಂದು ಮಿಲಿಮೀಟರನ್ನು ದಾಟಲು 100 ಡಿಗ್ರಿ ವ್ಯತ್ಯಾಸ ಬೇಕಾಗುತ್ತದೆ. 200ರ ಒಳಗಿದ್ದ ಲೋಹ 300ಕ್ಕೆ ಏರುತ್ತದೆ. ಮೂರು ಮಿಲಿಮೀಟರ್ ಆದರೆ 500ರ ಹತ್ತಿರ. ಸಾಮಾನ್ಯ ಇಂಗಾಲದ ಉಕ್ಕು 400 ಡಿಗ್ರಿ ದಾಟಿದ ಮೇಲೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಹೊರಗಿನಿಂದ 10 ಬಾರ್ ಒತ್ತುತ್ತಿರುವಾಗ ಮೆತ್ತಗಾದ ಫರ್ನೇಸ್ ಕೊಳವೆ ಒಳಕ್ಕೆ ತಗ್ಗುತ್ತದೆ. ನೀರಿನ ಮಟ್ಟ ಸರಿಯಾಗಿದ್ದು, ಸುರಕ್ಷತಾ ಕವಾಟ ಸರಿಯಾಗಿದ್ದು, ಯಾವ ಎಚ್ಚರಿಕೆಯ ಗಂಟೆಯೂ ಬಾರಿಸದೆ ಇದು ನಡೆಯಬಹುದು.

ಬಾಯ್ಲರ್ ತೆರೆಯದೆ ಪದರ ಕಟ್ಟಿದೆಯೆಂದು ತಿಳಿಯುವುದು ಹೇಗೆ?

ಚಿಮಣಿಗೆ ಹೋಗುವ ಹೊಗೆಯ ಉಷ್ಣತೆಯನ್ನು ಒಂದೇ ಭಾರದಲ್ಲಿ, ಒಂದೇ ಒತ್ತಡದಲ್ಲಿ ದಿನವೂ ಬರೆದಿಡಿ. ವಾರಗಳ ಮೇಲೆ ಅದು ನಿಧಾನವಾಗಿ ಏರುತ್ತಿದ್ದರೆ ಶಾಖ ನೀರಿಗೆ ಹೋಗುತ್ತಿಲ್ಲ ಎಂದರ್ಥ. ಬೆಂಕಿಯ ಕಡೆ ಮಸಿ ಕಟ್ಟಿದರೂ ಹೀಗೆಯೇ ಆಗುತ್ತದೆ. ಕೊಳವೆಗಳ ಮಸಿ ತೆಗೆದ ಮೇಲೆ ಉಷ್ಣತೆ ಹಳೆಯ ಮಟ್ಟಕ್ಕೆ ಇಳಿದರೆ ತಪ್ಪು ಮಸಿಯದು. ಇಳಿಯದಿದ್ದರೆ ನೀರಿನ ಕಡೆಯನ್ನು ಅನುಮಾನಿಸಬೇಕು.

ಸಾಫ್ಟ್‌ನರ್ ಇದೆ, ದಿನವೂ ಪರೀಕ್ಷೆಯಲ್ಲಿ ಗಡಸುತನ ಸೊನ್ನೆ ಬರುತ್ತಿದೆ. ಆದರೂ ಪದರ ಹೇಗೆ ಬಂತು?

ನಾನು ಅತಿ ಹೆಚ್ಚು ಬಾರಿ ಎದುರಿಸಿದ ಪ್ರಶ್ನೆ ಇದು. ಒಂದು ಬಾಯ್ಲರ್ ಕೋಣೆಯ ಕಥೆಯನ್ನು ಪೂರ್ತಿಯಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಯಾರೂ ಕೆಲಸ ತಪ್ಪಿಸಿರಲಿಲ್ಲ.

ಅದು ನಮ್ಮ ಉದಾಹರಣೆಯಂಥದೇ ಬಾಯ್ಲರ್. ನೀರನ್ನು ಮೆದುಗೊಳಿಸಲು 100 ಲೀಟರ್ ರೆಸಿನ್ ತುಂಬಿದ ಒಂದು ಪಾತ್ರೆ. ರೆಸಿನ್ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಸೋಡಿಯಂ ತೀರಿದಾಗ ಉಪ್ಪುನೀರು ಹಾಯಿಸಿ ಅವನ್ನು ಮತ್ತೆ ಸಿದ್ಧಗೊಳಿಸಬೇಕು. ಅಲ್ಲಿನ ನಿರ್ವಾಹಕರು ಪ್ರತಿ ಸಂಜೆ ಬಾಯ್ಲರ್ ನಿಲ್ಲಿಸಿದ ಮೇಲೆ 15 ಕಿಲೋ ಉಪ್ಪು ಹಾಕಿ ಈ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ 8 ಗಂಟೆಗೆ ಮಾದರಿ ತೆಗೆದು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹನಿ ಹಾಕಿ ನೋಡುತ್ತಿದ್ದರು. ಗಡಸು ನೀರಾದರೆ ದ್ರಾಕ್ಷಾರಸದ ಕೆಂಪು, ಮೆದು ನೀರಾದರೆ ನೀಲಿ. ಪುಸ್ತಕದ ಪುಟಪುಟದಲ್ಲೂ ನೀಲಿ, ಸೊನ್ನೆ ಎಂದೇ ಬರೆದಿತ್ತು. ವಾರ್ಷಿಕ ತಪಾಸಣೆಗೆ ಬಾಯ್ಲರ್ ತೆರೆದಾಗ ಫರ್ನೇಸಿನ ನೆತ್ತಿಯ ಮೇಲೆ ಬೂದುಬಿಳಿ ಪದರ ಕಾಣಿಸಿತು.

ಪೆನ್ಸಿಲ್ ಹಿಡಿದು ಕುಳಿತೆವು. ಅಷ್ಟು ಉಪ್ಪಿಗೆ ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನವನ್ನು ಹಿಡಿಯಬಲ್ಲದು. 100 ಲೀಟರಿಗೆ 5 ಕಿಲೋ. ಕಚ್ಚಾ ನೀರಿನ ಪ್ರತಿ ಘನ ಮೀಟರಿನಲ್ಲಿ 250 ಗ್ರಾಂ ಗಡಸುತನ. ಆದ್ದರಿಂದ 20 ಘನ ಮೀಟರ್ ಹಾಯುವಷ್ಟರಲ್ಲಿ ರೆಸಿನ್ ಸೋಲುತ್ತದೆ. ದಿನದ ಉಗಿಯೂ ಸರಿಯಾಗಿ 20 ಟನ್! ಪಾತ್ರೆಯನ್ನು ಆರಿಸಿದವರು ಈ ಲೆಕ್ಕವನ್ನೇ ಹಾಕಿದ್ದರೆಂದು ತೋರುತ್ತದೆ. ಆದರೆ ಬಾಯ್ಲರಿಗೆ ಹೋಗುವ ನೀರು ಉಗಿಯಷ್ಟೇ ಅಲ್ಲ, ಬ್ಲೋಡೌನಿನಲ್ಲಿ, ಅಂದರೆ ಲವಣ ಮಿತಿಮೀರದಂತೆ, ಹೊರಬಿಡುವ ನೀರೂ ಅದರಲ್ಲಿ ಸೇರಿದೆ. ಮುಂದೆ ಕೊಡುವ ಲೆಕ್ಕದಂತೆ ಅದನ್ನು ಕೂಡಿಸಿದರೆ ದಿನಕ್ಕೆ 22.2 ಘನ ಮೀಟರ್. ಅಂದರೆ ಒಂಬತ್ತು ಗಂಟೆ ಮೆದು ನೀರು, ಕೊನೆಯ ಒಂದು ಗಂಟೆ ಗಡಸು ನೀರು. ದಿನಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು, ತಿಂಗಳಿಗೆ ಸುಮಾರು 14 ಕಿಲೋ ಗಡಸುತನ ಬಾಯ್ಲರಿನ ಒಳಗೆ. ಸಂಜೆ ಉಪ್ಪು ಹಾಕಿದೊಡನೆ ರೆಸಿನ್ ಚೇತರಿಸಿಕೊಳ್ಳುತ್ತಿತ್ತು, ಬೆಳಗಿನ ಪರೀಕ್ಷೆ ಪ್ರಾಮಾಣಿಕವಾಗಿ ಸೊನ್ನೆ ತೋರಿಸುತ್ತಿತ್ತು.

ಇದಕ್ಕೆ ಮಾಡಿದ ಪರಿಹಾರ ಸರಳವಾದದ್ದು. ನೀರಿನ ಮೀಟರ್ ಹಾಕಿ, 16 ಘನ ಮೀಟರ್ ಹಾದೊಡನೆ ಎರಡನೆಯ ಪಾತ್ರೆಗೆ ಬದಲಾಯಿಸುವ ವ್ಯವಸ್ಥೆ ಮಾಡಿದರು. ಉಳಿದ ಸಾಮರ್ಥ್ಯವನ್ನು ಅಂಚಿಗಾಗಿ ಬಿಟ್ಟರು, ಏಕೆಂದರೆ ರೆಸಿನ್ ಒಮ್ಮೆಲೇ ಸೋಲುವುದಿಲ್ಲ, ಗಡಸುತನ ಮೊದಲು ಹನಿಹನಿಯಾಗಿ ಜಾರತೊಡಗುತ್ತದೆ. ಮಾದರಿಯನ್ನು ಪಾತ್ರೆ ಬದಲಾಯಿಸುವ ಮುನ್ನ, ಅಂದರೆ ರೆಸಿನ್ ಅತಿ ದಣಿದಿರುವ ಹೊತ್ತಿನಲ್ಲಿ, ತೆಗೆಯತೊಡಗಿದರು.

ಟಿಡಿಎಸ್ ಮೀಟರಿನಿಂದ ಸಾಫ್ಟ್‌ನರ್ ಸೋತಿದೆಯೆಂದು ತಿಳಿಯಬಹುದೇ?

ಸಾಧ್ಯವಿಲ್ಲ. ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬರುವುದರಿಂದ ಮೀಟರಿನ ಅಂಕಿ ಮೊದಲೂ ಸುಮಾರು 350, ಆಮೇಲೂ ಸುಮಾರು 350. ಗಡಸುತನಕ್ಕೆ ಗಡಸುತನದ ಪರೀಕ್ಷೆಯೇ ಆಗಬೇಕು.

ಸಾಫ್ಟ್‌ನರ್ ಬಿಟ್ಟು ಬಾಯ್ಲರಿನೊಳಗೇ ಫಾಸ್ಫೇಟ್ ಹಾಕಿದರೆ ಸಾಲದೇ?

ಫಾಸ್ಫೇಟ್ ಕ್ಯಾಲ್ಸಿಯಮ್ಮನ್ನು ಗಟ್ಟಿ ಪದರವಾಗಲು ಬಿಡದೆ ಮೆತ್ತನೆಯ ಕೆಸರಾಗಿಸುತ್ತದೆ, ನೀರು ಸಾಕಷ್ಟು ಕ್ಷಾರೀಯವಾಗಿದ್ದರೆ. ಕೆಸರು ತಳಕ್ಕಿಳಿದು ತಳದ ಕವಾಟದಿಂದ ಹೊರಗೆ ಹೋಗುತ್ತದೆ. ಆದರೆ ಪ್ರಮಾಣ ನೋಡಿ: ನಿರ್ಜಲ ಟ್ರೈಸೋಡಿಯಂ ಫಾಸ್ಫೇಟ್ ಹೆಚ್ಚುಕಡಿಮೆ ಗಡಸುತನದಷ್ಟೇ ತೂಕ ಬೇಕು. ಸಾಫ್ಟ್‌ನರ್ ಇಲ್ಲದಿದ್ದರೆ ನಮ್ಮ ಬಾಯ್ಲರಿಗೆ ದಿನಕ್ಕೆ ಐದೂವರೆ ಕಿಲೋ. ಅಷ್ಟೇ ಪ್ರಮಾಣದಲ್ಲಿ ಕೆಸರೂ ಹುಟ್ಟಿ, ತಳದಲ್ಲಿ ನಿಂತು, ಬಿಸಿ ಲೋಹದ ಮೇಲೆ ಬೆಂದು ಮತ್ತೆ ಕಲ್ಲಾಗಬಹುದು. ಫಾಸ್ಫೇಟ್ ಇರುವುದು ಸಾಫ್ಟ್‌ನರಿನಿಂದ ಜಾರಿಬಂದ ಅಲ್ಪಸ್ವಲ್ಪವನ್ನು ಹಿಡಿಯಲು. ಇದೇ ಒಳ್ಳೆಯ ಸುಳಿವನ್ನೂ ಕೊಡುತ್ತದೆ: ಹಾಕುವ ಪ್ರಮಾಣ ಬದಲಾಗದೆ ಬಾಯ್ಲರ್ ನೀರಿನ ಫಾಸ್ಫೇಟ್ ಅಂಕಿ ಇಳಿಯುತ್ತಾ ಬಂದರೆ, ಎಲ್ಲಿಂದಲೋ ಗಡಸುತನ ಒಳಗೆ ಬರುತ್ತಿದೆ.

ಎಷ್ಟು ನೀರನ್ನು ಬ್ಲೋಡೌನ್ ಮಾಡಬೇಕು?

ಒಳಗೆ ಹೋದಷ್ಟೇ ಲವಣ ಹೊರಗೆ ಬರಬೇಕು, ಅಷ್ಟೇ ಲೆಕ್ಕ. ಇಂಥ ಶೆಲ್ ಬಾಯ್ಲರುಗಳಿಗೆ ಟಿಡಿಎಸ್ ಮಿತಿ ಸಾಮಾನ್ಯವಾಗಿ 3500 ಪಿಪಿಎಂ. ತಯಾರಕರು ಕಡಿಮೆ ಹೇಳಿದ್ದರೆ ಅದನ್ನೇ ಪಾಲಿಸಬೇಕು. F ಎಂಬುದು ಒಳಬರುವ ನೀರಿನ ಟಿಡಿಎಸ್, B ಎಂಬುದು ಬಾಯ್ಲರ್ ನೀರಿನ ಮಿತಿ, S ಎಂಬುದು ಗಂಟೆಯ ಉಗಿ ಎಂದಿಟ್ಟುಕೊಂಡರೆ:

```
ಬ್ಲೋಡೌನ್ = S × F / (B − F)
        = 2000 × 350 / 3150
        = 222 ಕಿಲೋ/ಗಂಟೆ
```

ಈ 222 ಕಿಲೋ ನೀರು 184 ಡಿಗ್ರಿ ಶಾಖವನ್ನು ಹೊತ್ತುಕೊಂಡೇ ಹೋಗುತ್ತದೆ. 25 ಡಿಗ್ರಿಯ ನೀರಿನಿಂದ ಶುರುಮಾಡಿ ಲೆಕ್ಕ ಹಾಕಿದರೆ ಇದು ಉಗಿ ಮಾಡಲು ಕೊಟ್ಟ ಶಾಖದ ನೂರಕ್ಕೆ ಸುಮಾರು 3 ಭಾಗ. ಈ ನಷ್ಟ ಕಂಡು ಹೊಟ್ಟೆ ಉರಿದು ಕವಾಟ ಮುಚ್ಚುವವರಿದ್ದಾರೆ. ಅದು ತಪ್ಪು. ನಷ್ಟ ತಗ್ಗಬೇಕಾದರೆ F ತಗ್ಗಬೇಕು. ಸ್ವಚ್ಛವಾದ ಕಂಡೆನ್ಸೇಟ್ ಅರ್ಧದಷ್ಟು ಹಿಂದಿರುಗಿದರೆ F ಸುಮಾರು 175ಕ್ಕೆ ಇಳಿದು ಬ್ಲೋಡೌನ್ ಗಂಟೆಗೆ 105 ಕಿಲೋ ಸಾಕಾಗುತ್ತದೆ. ರಿವರ್ಸ್ ಆಸ್ಮೋಸಿಸ್ ಘಟಕದಿಂದ 20 ಪಿಪಿಎಂ ನೀರು ಬಂದರೆ 12 ಕಿಲೋ ಸಾಕು. ಆದರೆ ಅಂಥ ನೀರಿನಲ್ಲಿ ಕ್ಷಾರತೆಯೂ ಇರುವುದಿಲ್ಲವಾದ್ದರಿಂದ ಬಾಯ್ಲರ್ ನೀರಿನ ಪಿಎಚ್ ಅನ್ನು ರಾಸಾಯನಿಕ ಹಾಕಿ ಏರಿಸಬೇಕಾಗುತ್ತದೆ.

ತಳದ ಬ್ಲೋಡೌನ್ ಬೇರೆಯೇ ಕೆಲಸ. ಅದು ಕೆಸರು ತೆಗೆಯಲು: ಕೆಲವೇ ಸೆಕೆಂಡು, ಚುರುಕಾಗಿ, ದಿನಕ್ಕೆ ಹಲವು ಬಾರಿ. ಒಮ್ಮೆಲೇ ದೀರ್ಘವಾಗಿ ತೆರೆದಿಟ್ಟರೆ ಕವಾಟದ ಹತ್ತಿರದ ಕೆಸರು ಹೋದ ಮೇಲೆ ಬರಿಯ ಬಿಸಿ ನೀರೇ ಹೋಗುತ್ತದೆ.

ಬಾಯ್ಲರ್ ನೀರಿನ ಟಿಡಿಎಸ್ ಅಳೆಯುವಾಗ ಎಲ್ಲಿ ತಪ್ಪುತ್ತದೆ?

ಎರಡು ಕಡೆ. ಮೊದಲನೆಯದು, ಮಾದರಿಯನ್ನು ತಣಿಸುವ ಸುರುಳಿ ಇಲ್ಲದೆ ನೇರವಾಗಿ ಬಾಟಲಿಗೆ ಹಿಡಿಯುವುದು. 10 ಬಾರಿನಿಂದ ಹೊರಗೆ ಬಂದೊಡನೆ ನೀರಿನ ನೂರಕ್ಕೆ 16 ಭಾಗ ಉಗಿಯಾಗಿ ಹಾರಿಹೋಗುತ್ತದೆ, ಉಳಿದ ನೀರು ಗಾಢವಾಗುತ್ತದೆ. ನಿಜವಾದ 3500 ಹೀಗೆ 4170ರ ಹತ್ತಿರ ಕಾಣಿಸುತ್ತದೆ. ಎರಡನೆಯದು, ಮೀಟರ್ ಅಳೆಯುವುದು ವಿದ್ಯುತ್ ವಾಹಕತೆಯನ್ನು. ಬಾಯ್ಲರ್ ನೀರಿನಲ್ಲಿರುವ ಕಾಸ್ಟಿಕ್ ಸೋಡ ತನ್ನ ತೂಕಕ್ಕೆ ಮೀರಿ ವಿದ್ಯುತ್ತನ್ನು ಒಯ್ಯುವುದರಿಂದ ಅಂಕಿ ಉಬ್ಬುತ್ತದೆ. ಮಾದರಿಯನ್ನು ತಣಿಸಿ, ಫಿನಾಲ್ಫ್ಥಲೀನ್ ಬಣ್ಣ ಹೋಗುವವರೆಗೆ ದುರ್ಬಲ ಆಮ್ಲದಿಂದ ತಟಸ್ಥಗೊಳಿಸಿ, ವಾಹಕತೆಯನ್ನು 0.7ರಿಂದ ಗುಣಿಸಿದರೆ ನಂಬಬಹುದಾದ ಅಂಕಿ ಸಿಗುತ್ತದೆ.

ಬಾಯ್ಲರಿನಲ್ಲಿ ನೊರೆ ಏಕೆ ಏಳುತ್ತದೆ?

ಶುದ್ಧ ನೀರಿನಲ್ಲಿ ಗುಳ್ಳೆ ಮೇಲಕ್ಕೆ ಬಂದೊಡನೆ ಒಡೆಯುತ್ತದೆ. ಗುಳ್ಳೆಯ ಸುತ್ತಲಿನ ತೆಳುವಾದ ನೀರಿನ ಪೊರೆ ಬೇಗ ಕೆಳಗೆ ಇಳಿದುಹೋಗುವುದೇ ಅದಕ್ಕೆ ಕಾರಣ. ಕರಗಿದ ಲವಣ, ಕ್ಷಾರತೆ, ತೇಲುವ ಕೆಸರಿನ ಕಣ, ಎಣ್ಣೆ, ಸಾವಯವ ಕೊಳೆ ಹೆಚ್ಚಾದಾಗ ಆ ಪೊರೆ ಬಲಗೊಂಡು ಗುಳ್ಳೆ ಒಡೆಯದೆ ನಿಲ್ಲುತ್ತದೆ. ಒಂದರ ಮೇಲೊಂದು ಕೂಡಿ, ಉಗಿಗಾಗಿ ಬಿಟ್ಟಿರುವ ಜಾಗವನ್ನೆಲ್ಲ ನೊರೆ ತುಂಬುತ್ತದೆ.

ಎಣ್ಣೆಯನ್ನೂ ಕ್ಷಾರವನ್ನೂ ಒಟ್ಟಿಗೆ ಕಾಯಿಸಿದರೆ ಸಾಬೂನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಬಾಯ್ಲರಿನಲ್ಲೂ ಅದೇ ಆಗುತ್ತದೆ. ಟಿಡಿಎಸ್ ಮಿತಿಯೊಳಗಿದ್ದೂ ಇದ್ದಕ್ಕಿದ್ದಂತೆ ನೊರೆ ಶುರುವಾದರೆ ನಾನು ಮೊದಲು ನೋಡುವುದು ಹಿಂದಿರುಗುವ ಕಂಡೆನ್ಸೇಟನ್ನು. ಎಲ್ಲೋ ಒಂದು ಶಾಖ ವಿನಿಮಯಕದ ಕೊಳವೆ ತೂತಾಗಿ ಎಣ್ಣೆಯೋ ಬೇರೆ ದ್ರವವೋ ಅದರಲ್ಲಿ ಸೇರಿರುತ್ತದೆ. ಆಗ ಆ ಕಂಡೆನ್ಸೇಟನ್ನು ಚರಂಡಿಗೆ ತಿರುಗಿಸುವುದೇ ಮೊದಲ ಕೆಲಸ.

ಸಾಫ್ಟ್‌ನರ್ ಈ ವಿಷಯದಲ್ಲಿ ನೆರವಾಗುವುದಿಲ್ಲ ಎಂಬುದನ್ನು ಗಮನಿಸಿ. ಅದು ಬಿಟ್ಟ ಸೋಡಿಯಂ ಬೈಕಾರ್ಬೊನೇಟ್ ಬಾಯ್ಲರಿನಲ್ಲಿ ಒಡೆದು ಕಾರ್ಬೊನೇಟ್, ಆಮೇಲೆ ಕಾಸ್ಟಿಕ್ ಆಗುತ್ತದೆ, ಕ್ಷಾರತೆ ಏರುತ್ತದೆ. ಆಗ ಹೊರಡುವ ಇಂಗಾಲದ ಡೈಆಕ್ಸೈಡ್ ಉಗಿಯೊಡನೆ ಹೋಗಿ ಕಂಡೆನ್ಸೇಟ್ ಕೊಳವೆಗಳನ್ನು ತಿನ್ನುತ್ತದೆ.

ನೀರು ಚೆನ್ನಾಗಿದ್ದರೂ ಉಗಿಯೊಡನೆ ನೀರು ಹೋಗುವುದುಂಟೇ?

ಉಂಟು. ಕ್ಯಾರಿಓವರ್ ಎಂದರೆ ಉಗಿಯೊಡನೆ ಬಾಯ್ಲರ್ ನೀರು ಹೊರಟುಹೋಗುವುದು. ನೊರೆ ಅದಕ್ಕೆ ಒಂದು ದಾರಿ. ಇನ್ನೊಂದು, ನೀರು ಒಮ್ಮೆಲೇ ಉಕ್ಕಿ ಹೋಗುವ ಪ್ರೈಮಿಂಗ್. ಯಾರೋ ದೊಡ್ಡ ಕವಾಟವನ್ನು ಥಟ್ಟನೆ ತೆರೆದು ಒತ್ತಡ 10ರಿಂದ 7 ಬಾರಿಗೆ ಕುಸಿಯಿತೆನ್ನಿ. 7 ಬಾರಿನಲ್ಲಿ ನೀರು 170 ಡಿಗ್ರಿಯಲ್ಲೇ ಕುದಿಯುತ್ತದೆ, ಒಳಗಿನ ನೀರು ಮಾತ್ರ 184ರಲ್ಲಿದೆ. ಆ ಹೆಚ್ಚಿನ ಶಾಖಕ್ಕೆ ನೂರಕ್ಕೆ ಸುಮಾರು 3 ಭಾಗ, ಅಂದರೆ 4 ಟನ್ನಿನಲ್ಲಿ ಸುಮಾರು 117 ಕಿಲೋ ನೀರು ಕೆಲವೇ ಕ್ಷಣಗಳಲ್ಲಿ ಉಗಿಯಾಗುತ್ತದೆ. ಅದು ನೀರಿನ ಮೈಮೇಲೆ ಮಾತ್ರವಲ್ಲ, ನೀರಿನ ಒಳಗೆಲ್ಲ ಹುಟ್ಟುವುದರಿಂದ ಇಡೀ ನೀರು ಉಬ್ಬಿ ಉಗಿಯ ಬಾಯಿಗೆ ಬರುತ್ತದೆ. ನೀರಿನ ಮಟ್ಟವನ್ನು ಎತ್ತರದಲ್ಲಿ ಇಟ್ಟುಕೊಂಡರೆ ಅಪಾಯ ಹೆಚ್ಚು. ಬಾಯ್ಲರನ್ನು ವಿನ್ಯಾಸಕ್ಕಿಂತ ಕಡಿಮೆ ಒತ್ತಡದಲ್ಲಿ ಓಡಿಸುವುದೂ ತಪ್ಪು: ಒತ್ತಡ ಇಳಿದಂತೆ ಅದೇ ತೂಕದ ಉಗಿ ಹೆಚ್ಚು ಜಾಗ ಬೇಡುತ್ತದೆ, ವೇಗವಾಗಿ ಹೊರಡುತ್ತದೆ, ಹನಿಗಳನ್ನು ಸೆಳೆದೊಯ್ಯುತ್ತದೆ.

ಉಗಿಯಲ್ಲಿ ಸ್ವಲ್ಪ ನೀರಿದ್ದರೆ ಏನು ನಷ್ಟ? ಇರುವುದನ್ನು ತಿಳಿಯುವುದು ಹೇಗೆ?

ನೂರಕ್ಕೆ 2 ಭಾಗ ನೀರು ಹೋಗುತ್ತಿದೆಯೆನ್ನೋಣ. ಗಂಟೆಗೆ 40 ಕಿಲೋ ನೀರು, ಆದರೆ ಅದು 3500 ಪಿಪಿಎಂ ಲವಣದ ಬಾಯ್ಲರ್ ನೀರು. ಗಂಟೆಗೆ 140 ಗ್ರಾಂ, ತಿಂಗಳಿಗೆ 35 ಕಿಲೋ ಲವಣ ಉಗಿಯ ಕೊಳವೆಗಳಿಗೆ. ನಿಯಂತ್ರಣ ಕವಾಟದ ಆಸನದ ಮೇಲೆ, ಸ್ಟೀಮ್ ಟ್ರ್ಯಾಪಿನೊಳಗೆ ಅದು ಬಿಳಿಯಾಗಿ ಕೂಡುತ್ತದೆ, ಕವಾಟ ಸೋರುತ್ತದೆ, ಟ್ರ್ಯಾಪ್ ಕಟ್ಟಿಕೊಳ್ಳುತ್ತದೆ. ಒಮ್ಮೆಗೇ ನೀರಿನ ಮುದ್ದೆ ಹೊರಟರೆ ಉಗಿಯ ವೇಗದಲ್ಲಿ ಓಡಿ ತಿರುವಿನಲ್ಲಿ ಬಡಿದು ಕೊಳವೆ ಗಡಗಡ ನಡುಗುತ್ತದೆ, ಜೋಡಣೆ ಸೀಳಬಹುದು. ಮುಂದೆ ಸೂಪರ್‌ಹೀಟರ್ ಅಥವಾ ಟರ್ಬೈನ್ ಇರುವೆಡೆ ಇಷ್ಟು ಲವಣ ಸಹಿಸುವ ಮಾತೇ ಇಲ್ಲ. ಅಧಿಕ ಒತ್ತಡದ ಬಾಯ್ಲರುಗಳಲ್ಲಿ ಸಿಲಿಕಾ ಹನಿಯ ಹಂಗಿಲ್ಲದೆ ಉಗಿಯಲ್ಲೇ ಬೆರೆತು ಹೋಗಿ ಟರ್ಬೈನಿನ ಅಲಗುಗಳ ಮೇಲೆ ಕೂಡುವುದರಿಂದ, ಅಲ್ಲಿ ಲವಣವನ್ನೆಲ್ಲ ತೆಗೆದ ನೀರೇ ಬೇಕು.

ಪತ್ತೆಗೆ ಉಗಿಯ ಮಾದರಿಯನ್ನು ತಣಿಸಿ ವಾಹಕತೆ ನೋಡಿ. ಒಣ ಉಗಿಯ ನೀರಿನ ಅಂಕಿ ತೀರ ಕಡಿಮೆ. ಮೇಲಿನ ಉದಾಹರಣೆಯಲ್ಲಿ ಅದು 70 ಪಿಪಿಎಂ ಲವಣದ ನೀರಾಗಿರುತ್ತದೆ, ಮೀಟರ್ 100 ಮೈಕ್ರೊಸೀಮೆನ್ಸಿನ ಆಸುಪಾಸು ತೋರಿಸುತ್ತದೆ. ಬಾಯ್ಲರ್ ಬಳಿಯೇ ಗೇಜ್ ಗ್ಲಾಸಿನಲ್ಲಿ ಮಟ್ಟ ಜಿಗಿಯುತ್ತಿದ್ದರೆ, ಮಟ್ಟದ ಗೆರೆ ಸ್ಪಷ್ಟವಾಗಿ ನಿಲ್ಲದಿದ್ದರೆ, ಅದೂ ಸೂಚನೆಯೇ.

ನೊರೆ ಬಂದಿದೆಯೆಂದು ಗೊತ್ತಾದಾಗ ತಕ್ಷಣ ಏನು ಮಾಡಬೇಕು?

ಉಗಿ ಎಳೆಯುವುದನ್ನು ತಗ್ಗಿಸಿ, ಉರಿ ಇಳಿಸಿ. ಉಬ್ಬಿದ ನೀರು ಕೆಳಗೆ ಇಳಿದಾಗ ನಿಜವಾದ ಮಟ್ಟ ಕಾಣಿಸುತ್ತದೆ. ಅದು ನೀವೆಣಿಸಿದ್ದಕ್ಕಿಂತ ಬಹಳ ಕೆಳಗಿರಬಹುದು. ಕೆಲವು ಬಗೆಯ ಮಟ್ಟದ ಕಡ್ಡಿಗಳು ನೊರೆಯನ್ನೂ ನೀರೆಂದೇ ಭಾವಿಸುವುದರಿಂದ, ನೀರು ಕಡಿಮೆಯಾದಾಗ ಉರಿ ನಿಲ್ಲಿಸಬೇಕಾದ ಉಪಕರಣ ಸುಮ್ಮನಿರಬಹುದು. ಮಟ್ಟ ಗಾಜಿನಲ್ಲಿ ಕಾಣದಷ್ಟು ಕೆಳಗಿದ್ದರೆ ಉರಿಯನ್ನು ಪೂರ್ತಿ ನಿಲ್ಲಿಸಿ, ಬಿಸಿಯಾದ ಬರಿಯ ಲೋಹದ ಮೇಲೆ ನೀರು ಬಿಡಬೇಡಿ. ಮಟ್ಟ ಸರಿಯಿದ್ದರೆ ಸ್ವಲ್ಪ ಸ್ವಲ್ಪವಾಗಿ ಬ್ಲೋಡೌನ್ ಮಾಡುತ್ತಾ ಹೊಸ ನೀರು ಕೊಟ್ಟು ಟಿಡಿಎಸ್ ಇಳಿಸಿ. ನೊರೆ ತಡೆಯುವ ರಾಸಾಯನಿಕ ಕೆಲವು ಗಂಟೆ ಉಸಿರಾಡಲು ಬಿಡುತ್ತದೆ, ಆದರೆ ಎಣ್ಣೆ ಬರುತ್ತಿರುವ ತೂತನ್ನು ಅದು ಮುಚ್ಚುವುದಿಲ್ಲ.

ಈಗಾಗಲೇ ಕಟ್ಟಿರುವ ಪದರವನ್ನು ರಾಸಾಯನಿಕ ಹೆಚ್ಚು ಹಾಕಿ ಓಡುತ್ತಲೇ ತೆಗೆಯಬಹುದೇ?

ತೆಳುವಾದ ಪದರವಾದರೆ, ತಿಳಿದವರ ಸಲಹೆಯಂತೆ, ನಿಧಾನವಾಗಿ ಮೆತ್ತಗಾಗಿಸಬಹುದು. ದಪ್ಪ ಪದರಕ್ಕೆ ಬೇಡ. ಅದು ಚಕ್ಕೆಚಕ್ಕೆಯಾಗಿ ಎದ್ದು ಕೊಳವೆಗಳ ನಡುವೆಯೂ ತಳದಲ್ಲೂ ಸಿಕ್ಕಿಕೊಂಡು ನೀರಿನ ಹರಿವನ್ನೇ ತಡೆಯುತ್ತದೆ, ತಳದ ಕವಾಟವನ್ನು ಕಟ್ಟಿಬಿಡುತ್ತದೆ. ಅಂಥದ್ದಕ್ಕೆ ಬಾಯ್ಲರ್ ನಿಲ್ಲಿಸಿ, ಲೋಹವನ್ನು ಕಾಪಾಡುವ ಪ್ರತಿಬಂಧಕ ಬೆರೆಸಿದ ಹೈಡ್ರೊಕ್ಲೋರಿಕ್ ಆಮ್ಲದಿಂದ ಅನುಭವಿಗಳು ತೊಳೆಯಬೇಕು. ಆಗ ಅನಿಲ ಏಳುವುದರಿಂದ ಗಾಳಿಯಾಡುವಂತಿರಬೇಕು, ಹತ್ತಿರ ಬೆಂಕಿ ಇರಬಾರದು. ತೊಳೆಯುವ ಮೊದಲು ಪದರದ ಒಂದು ಚಕ್ಕೆಯನ್ನು ತೆಗೆದು ಅದೇ ಆಮ್ಲದಲ್ಲಿ ಹಾಕಿ ನೋಡಿ. ಬುಸುಗುಟ್ಟಿ ಕರಗಿದರೆ ಕಾರ್ಬೊನೇಟ್. ಕದಲದೆ ಕುಳಿತರೆ ಸಲ್ಫೇಟ್ ಅಥವಾ ಸಿಲಿಕಾ ಇರಬಹುದು, ಅದಕ್ಕೆ ಬರಿಯ ಆಮ್ಲ ಸಾಲದು. ಆ ಚಕ್ಕೆಯನ್ನು ಪ್ರಯೋಗಾಲಯಕ್ಕೂ ಕಳಿಸಿ, ಎಲ್ಲಿಂದ ತೆಗೆದದ್ದು, ಎಷ್ಟು ದಪ್ಪವಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ.